ಕೂಸಿನ ಕಿವಿಗೆ ‘ಶ್...’: ಎಷ್ಟು ದೂರ, ಎಷ್ಟು ಜೋರು?

ಕೂಸು ಮಲಗಲಿ ಅಂತ ಫೋನಲ್ಲಿ ‘ಶ್...’ ಸದ್ದು ಹಚ್ಚಿಡೋದು ಈಗ ಎಷ್ಟೋ ಮನೆಗಳಲ್ಲಿ ರೂಢಿ. ಜೋರು ಮಳೆಯ ಹಾಗೆ, ರೇಡಿಯೋದಲ್ಲಿ ಸ್ಟೇಷನ್ ಸಿಗದಾಗ ಬರುವ ಹಾಗೆ, ಏರಿಳಿತವಿಲ್ಲದೆ ಒಂದೇ ಸಮನೆ ಕೇಳುವ ಈ ಸದ್ದೇ ವೈಟ್ ನಾಯ್ಸ್. ಇದನ್ನು ಹಚ್ಚುವ ಅಪ್ಪ-ಅಮ್ಮಂದಿರಿಗೆ ಎರಡು ಅನುಮಾನ ಇದ್ದೇ ಇರುತ್ತವೆ. ಕೂಸಿನ ಕಿವಿಗೆ ಏನಾದ್ರೂ ಆಗುತ್ತಾ? ನಾಳೆ ಇದಿಲ್ಲದೆ ಮಲಗೋದೇ ಇಲ್ಲ ಅಂದ್ರೆ?

ಮೊದಲು ಇದು ಹೇಗೆ ಕೆಲಸ ಮಾಡುತ್ತೆ ನೋಡೋಣ. ದಾವಣಗೆರೆಯಲ್ಲಿ ನಮ್ಮ ಮನೆ ರಸ್ತೆ ಬದಿಗೇ ಇದೆ. ಕೂಸನ್ನು ಎಬ್ಬಿಸೋದು ಹಾರ್ನ್‌ನ ಜೋರು ಮಾತ್ರ ಅಲ್ಲ, ನಿಶ್ಶಬ್ದದಿಂದ ಹಾರ್ನ್‌ಗೆ ಆಗುವ ದಿಢೀರ್ ಜಿಗಿತ. ಕೋಣೆಯಲ್ಲಿ 35 ಡೆಸಿಬಲ್ ಇದ್ದು ಹಾರ್ನ್ 60 ತಲುಪಿದರೆ ಜಿಗಿತ 25. ಮೊದಲೇ 47ರ ಸದ್ದು ಹರಡಿದ್ದರೆ ಅದೇ ಹಾರ್ನ್‌ನ ಜಿಗಿತ 13 ಮಾತ್ರ. ಲಂಡನ್ನಿನಲ್ಲಿ 40 ನವಜಾತ ಶಿಶುಗಳ ಮೇಲೆ ನಡೆದ ಒಂದು ಅಧ್ಯಯನ 1990ರಲ್ಲಿ ಪ್ರಕಟವಾಯಿತು. ವೈಟ್ ನಾಯ್ಸ್ ಕೇಳಿದ 20 ಕೂಸುಗಳಲ್ಲಿ 16 ಐದು ನಿಮಿಷದೊಳಗೆ ಮಲಗಿದವು, ಕೇಳದ 20ರಲ್ಲಿ 5 ಮಾತ್ರ. ಅಂದರೆ ಮಲಗಿಸೋಕೆ ಇದು ನೆರವಾಗುತ್ತೆ ಅನ್ನೋದು ಬರೀ ನಂಬಿಕೆಯಲ್ಲ. ಆದರೆ ಅದು ಕೆಲವೇ ದಿನದ ಕೂಸುಗಳ ಕಥೆ, ತಿಂಗಳುಗಟ್ಟಲೆ ಬಳಸಿದರೆ ಏನು ಅಂತ ಅದು ಹೇಳಲ್ಲ.

ತೊಂದರೆ ಇರೋದು ಜೋರಿನಲ್ಲಿ. ಟೊರಾಂಟೊದ ಮಕ್ಕಳ ಆಸ್ಪತ್ರೆಯ ವೈದ್ಯರು ಇದಕ್ಕಂತಲೇ ಮಾರುವ 14 ಯಂತ್ರಗಳನ್ನು ಫುಲ್ ವಾಲ್ಯೂಮ್‌ನಲ್ಲಿ ಅಳೆದು, ಫಲಿತಾಂಶವನ್ನು 2014ರಲ್ಲಿ ಪ್ರಕಟಿಸಿದರು. ಅವರು ಹೋಲಿಸಿದ್ದು 50 ಡೆಸಿಬಲ್‌ಗೆ, ಅಂದರೆ ಆಸ್ಪತ್ರೆಯ ನವಜಾತ ಶಿಶುಗಳ ಕೋಣೆಗೆ ಹಾಕಿರುವ ಮಿತಿಗೆ. 30 ಸೆಂಟಿಮೀಟರ್ ದೂರದಲ್ಲಿ ಎಲ್ಲ ಯಂತ್ರಗಳೂ ಆ ಮಿತಿ ದಾಟಿದವು. ಮೂರು ಯಂತ್ರಗಳಂತೂ 85ನ್ನೂ ದಾಟಿದವು. ಫ್ಯಾಕ್ಟರಿಯಲ್ಲಿ ದೊಡ್ಡವರು ಎಂಟು ಗಂಟೆ ಕೆಲಸ ಮಾಡುವಾಗ ಕಿವಿಗೆ ರಕ್ಷಣೆ ಬೇಕು ಅನ್ನುವ ಗೆರೆ ಅದು. ಯಂತ್ರವನ್ನು ಕೂಸಿನಿಂದ ಆದಷ್ಟು ದೂರ ಇಡಿ, ವಾಲ್ಯೂಮ್ ಕಡಿಮೆ ಇಡಿ, ಹೊತ್ತು ಮಿತಿಯಲ್ಲಿರಲಿ ಅನ್ನೋದು ಅವರ ಸಲಹೆ.

ದೂರಕ್ಕೆ ಯಾಕೆ ಅಷ್ಟು ಬೆಲೆ? ಬಯಲಲ್ಲಿ ದೂರ ಎರಡು ಪಟ್ಟಾದಾಗಲೆಲ್ಲ ಸುಮಾರು 6 ಡೆಸಿಬಲ್ ಇಳಿಯುತ್ತೆ. 30ರಿಂದ 60, 60ರಿಂದ 120, 120ರಿಂದ 240 ಸೆಂಟಿಮೀಟರ್: ಮೂರು ಹೆಜ್ಜೆಗೆ 18 ಡೆಸಿಬಲ್. ಕೋಣೆಯೊಳಗೆ ಗೋಡೆಗೆ ಬಡಿದ ಸದ್ದು ವಾಪಸ್ ಬರೋದ್ರಿಂದ ಇಷ್ಟು ಇಳಿಯಲ್ಲ, ಆದರೂ ಇಳಿಕೆ ದೊಡ್ಡದೇ. ತೊಟ್ಟಿಲ ಬಟ್ಟೆಯ ಮಡಿಕೆಯಲ್ಲಿ ಫೋನ್ ಸಿಕ್ಕಿಸಿದರೆ ಲೆಕ್ಕ ಉಲ್ಟಾ. ಅಲ್ಲಿ ಸ್ಪೀಕರ್‌ಗೂ ಕಿವಿಗೂ ಒಂದು ಗೇಣೂ ಇರಲ್ಲ.

ನಮ್ಮ ಮಗಳಿಗೆ ಇದನ್ನು ಬಳಸುವ ಮೊದಲು ನಾನು ಅಳೆದು ನೋಡಿದೆ. ಎರಡು ಫೋನ್ ಬೇಕು. ಒಂದು ಸದ್ದು ಮಾಡೋಕೆ, ಇನ್ನೊಂದು ಸೌಂಡ್ ಮೀಟರ್ ಆ್ಯಪ್ ಹಾಕಿ ತೊಟ್ಟಿಲಲ್ಲಿ ಕೂಸಿನ ತಲೆ ಇರುವ ಜಾಗದಲ್ಲಿಡೋಕೆ. ಆಗ ಕೂಸು ತೊಟ್ಟಿಲಲ್ಲಿ ಇರಬಾರದು. ಫೋನ್ ಮೀಟರ್ ಕೆಲವು ಡೆಸಿಬಲ್ ಹೆಚ್ಚುಕಮ್ಮಿ ತೋರಿಸುತ್ತೆ, ಹಾಗಾಗಿ ಒಂದು ಮೀಟರ್ ದೂರದಲ್ಲಿ ಕೂತು ಮಾಮೂಲಿ ದನಿಯಲ್ಲಿ ಮಾತಾಡಿ ನೋಡಿ. 60ರ ಆಸುಪಾಸು ಬಂದರೆ ಆ್ಯಪ್ ತಕ್ಕಮಟ್ಟಿಗೆ ನಂಬಬಹುದು. 40 ಅಥವಾ 80 ತೋರಿಸಿದರೆ ಬೇರೆ ಆ್ಯಪ್ ಹುಡುಕಿ.

ನಮ್ಮಲ್ಲಿ ಅರ್ಧ ವಾಲ್ಯೂಮ್‌ಗೆ 30 ಸೆಂಟಿಮೀಟರ್ ದೂರದಲ್ಲಿ 68 ಬಂತು. ಫೋನನ್ನು ಎರಡು ಮೀಟರ್ ಆಚೆ ಬೀರು ಮೇಲಿಟ್ಟಾಗ 54. ವಾಲ್ಯೂಮ್ ಇನ್ನೆರಡು ಹಂತ ಇಳಿಸಿದಾಗ 47. ಸೀಲಿಂಗ್ ಫ್ಯಾನನ್ನು ಮೂರಕ್ಕಿಟ್ಟರೆ ಅದೊಂದೇ 46 ಡೆಸಿಬಲ್! ಎರಡೂ ಸೇರಿದರೆ 93 ಆಗಲ್ಲ, ಹೆಚ್ಚುಕಡಿಮೆ ಸಮನಾದ ಎರಡು ಸದ್ದು ಸೇರಿದಾಗ ಸುಮಾರು 3 ಏರುತ್ತೆ ಅಷ್ಟೇ. ಆದರೂ 50ರ ಗೆರೆಗೆ ಅಂಟಿಕೊಂಡಂತೆ ಆಯ್ತು. ಬೇಸಿಗೆಯಲ್ಲಿ ಫ್ಯಾನ್ ತಿರುಗುವಾಗ ಫೋನಿನ ಸದ್ದೇ ಬೇಕಿಲ್ಲ ಅಂತ ಅಲ್ಲೇ ಗೊತ್ತಾಯ್ತು.

ಇನ್ನು ಎರಡನೇ ಅನುಮಾನ. ಹರಿಹರದಲ್ಲಿರುವ ನಮ್ಮ ಅತ್ತೆಯವರು ಅದನ್ನು ಒಂದೇ ಮಾತಲ್ಲಿ ಕೇಳಿದರು: “ಅದೇ ಸದ್ದಿಗೆ ಮಲಗೋದು ಕಲಿತ್ರೆ, ಕರೆಂಟ್ ಹೋದಾಗ ಏನ್ ಮಾಡ್ತೀರಿ?”

ಪ್ರಶ್ನೆ ಸರಿಯಾಗೇ ಇದೆ. ಆದರೆ ಇದನ್ನು ಚಟ ಅನ್ನೋದು ತಪ್ಪು. ವೈಟ್ ನಾಯ್ಸ್‌ನಿಂದ ಮೈಗೆ ಯಾವ ಅಮಲೂ ಏರಲ್ಲ. ಆಗೋದು ಇಷ್ಟು: ಕೂಸಿನ ನಿದ್ದೆ ಹೆಚ್ಚುಕಡಿಮೆ ಗಂಟೆಗೊಂದು ಸುತ್ತು ಮುಗಿಸಿ, ನಡುವೆ ಅರೆ ಎಚ್ಚರಕ್ಕೆ ಬರುತ್ತೆ. ಕಣ್ಣು ಮುಚ್ಚುವಾಗ ಇದ್ದದ್ದು ಆಗಲೂ ಇದ್ದರೆ ಮತ್ತೆ ಜಾರುತ್ತೆ, ಇಲ್ಲದಿದ್ದರೆ ಅಳುತ್ತೆ. ತೊಟ್ಟಿಲು ತೂಗೋದು, ಹಾಲು ಕುಡಿಯುತ್ತಾ ಮಲಗೋದು, ಎಲ್ಲಕ್ಕೂ ಇದೇ ನಿಯಮ. ಅದಕ್ಕೇ 30 ನಿಮಿಷಕ್ಕೆ ಟಕ್ ಅಂತ ನಿಲ್ಲುವ ಟೈಮರ್ ಕೆಲವು ಕೂಸುಗಳಿಗೆ ಒಗ್ಗಲ್ಲ. ನಿಧಾನವಾಗಿ ಸದ್ದು ಕರಗುವ ಫೇಡ್ ಔಟ್ ಇದ್ದರೆ ಅದನ್ನೇ ಆರಿಸಿ. ಇಂಟರ್ನೆಟ್‌ನಿಂದ ನೇರ ಹಚ್ಚಿದರೆ ನಡುವೆ ಜಾಹೀರಾತು ಕಿರುಚಿ ಎಲ್ಲ ಕೆಡುತ್ತೆ. ಫೈಲ್ ಇಳಿಸಿಕೊಂಡು ಫೋನನ್ನು ಫ್ಲೈಟ್ ಮೋಡ್‌ಗೆ ಹಾಕೋದು ವಾಸಿ.

ಅಭ್ಯಾಸ ಆಗಿದೆಯೋ ಇಲ್ಲವೋ ತಿಳಿಯೋದು ಸುಲಭ. ಕೂಸಿಗೆ ಹುಷಾರಿದ್ದು, ಹೊಟ್ಟೆ ತುಂಬಿರುವ ಒಂದು ದಿನ, ಹಗಲಿನ ನಿದ್ದೆಗೆ ಸದ್ದು ಹಚ್ಚಬೇಡಿ. ಮಾಮೂಲಿಗಿಂತ ಸ್ವಲ್ಪ ತಡವಾಗಿ ಮಲಗಿದರೂ ಚಿಂತೆಯಿಲ್ಲ. ಮೂರ್ನಾಲ್ಕು ದಿನ ನೋಡಿದರೂ ಸದ್ದು ಬಂದ ಮೇಲೇ ಕಣ್ಣು ಮುಚ್ಚುತ್ತೆ ಅಂದರೆ ಅಭ್ಯಾಸ ಬಲವಾಗಿದೆ ಅಂತ ಅರ್ಥ. ಬಿಡಿಸೋಕೆ ಒಮ್ಮೆಲೇ ನಿಲ್ಲಿಸೋದು ಬೇಕಿಲ್ಲ. ಹರಿಹರಕ್ಕೆ ಹೊರಡುವ ಹತ್ತು ದಿನ ಮೊದಲು ನಾವು ಮೂರು ದಿನಕ್ಕೊಂದು ಹಂತದಂತೆ ವಾಲ್ಯೂಮ್ ಇಳಿಸಿದೆವು. ಮೂರನೇ ಹಂತ ಇಳಿಸುವಷ್ಟರಲ್ಲಿ ಫ್ಯಾನಿನ ಸದ್ದಿನ ಕೆಳಗೆ ಅದು ಕೇಳಿಸುತ್ತಲೇ ಇರಲಿಲ್ಲ. ಅಲ್ಲಿಗೆ ಹೋದ ಮೊದಲ ರಾತ್ರಿ ಮಗಳು ಒಂದು ಸಲ ಹೆಚ್ಚು ಎದ್ದಳು. ಆಮೇಲೆ ಅಜ್ಜಿ ಮನೆಯ ಸದ್ದಿಗೇ ಹೊಂದಿಕೊಂಡಳು. ಎಲ್ಲ ಕೂಸುಗಳೂ ಇಷ್ಟು ಬೇಗ ಒಗ್ಗುತ್ತವೆ ಅಂತಲ್ಲ. ಅಳು ಹೆಚ್ಚಾದರೆ ಒಂದು ಹಂತ ಹಿಂದಕ್ಕೆ ಹೋಗಿ, ಅಲ್ಲೇ ಇನ್ನೆರಡು ದಿನ ನಿಲ್ಲಿ.

ಒಂದು ಎಚ್ಚರ ಮಾತ್ರ ಬಿಡಬೇಡಿ. ಕೂಸು ಎದ್ದ ಮೇಲೆ ಸದ್ದು ಆರಿಸಿ. ದಿನವಿಡೀ ಒಂದೇ ಸಮನೆ ಸದ್ದಿನಲ್ಲಿ ಬೆಳೆದ ಇಲಿಮರಿಗಳಲ್ಲಿ, ಮಿದುಳಿನ ಕೇಳಿಸಿಕೊಳ್ಳುವ ಭಾಗ ಬಲಿಯೋದು ತಡವಾಯ್ತು ಅಂತ 2003ರ ಒಂದು ಪ್ರಯೋಗ ತೋರಿಸಿದೆ. ಇಲಿಮರಿಯ ಫಲಿತಾಂಶ ಕೂಸಿಗೆ ಹಾಗೇ ಅನ್ವಯಿಸಲ್ಲ, ನಿಜ. ಆದರೆ ಎದ್ದಿರುವ ಕೂಸು ಮಾತು ಕಲಿಯೋದೇ ಕಿವಿಯಿಂದ. ಅಜ್ಜಿ ಅಡುಗೆಮನೆಯಿಂದ ಕೂಗೋದು, ಬಾಗಿಲಲ್ಲಿ ಸೊಪ್ಪು ಮಾರುವವಳ ದನಿ, ಅಪ್ಪನ ಬೈಕು ನಿಂತದ್ದು, ಇವೆಲ್ಲ ಆ ಹೊತ್ತಿನಲ್ಲಿ ಅದಕ್ಕೆ ಚೆನ್ನಾಗಿ ಕೇಳಬೇಕು.