ಮೂವರು ಗಂಡುಮಕ್ಕಳೂ ಆರೋಗ್ಯವಾಗಿದ್ದಾರೆ, ಹಾಗಾದರೆ ತಾಯಿ ಹಿಮೋಫಿಲಿಯಾ ವಾಹಕಿ ಅಲ್ಲವೇ?

“ಮೂರೂ ಗಂಡುಮಕ್ಕಳು ಚೆನ್ನಾಗಿದ್ದಾರಲ್ಲ, ಇನ್ನೇನು ಭಯ?” ಹಿಮೋಫಿಲಿಯಾ ಇರುವ ಮನೆತನದ ಹೆಣ್ಣುಮಕ್ಕಳಿಗೆ ಸಮಾಧಾನ ಹೇಳುವಾಗ ಯಾರ ಬಾಯಲ್ಲಾದರೂ ಬರಬಹುದಾದ ಮಾತಿದು. ಇದು ಸುಳ್ಳಲ್ಲ, ಪೂರ್ತಿ ನಿಜವೂ ಅಲ್ಲ. ಎಷ್ಟು ನಿಜ ಅನ್ನೋದನ್ನು ಮಾತ್ರ ಲೆಕ್ಕ ಹಾಕಿ ಹೇಳಬಹುದು. ಅದಕ್ಕೆ ಬೇಕಿರುವುದು ಹೈಸ್ಕೂಲ್ ಮಟ್ಟದ ಭಿನ್ನರಾಶಿ, ಅಷ್ಟೇ.

ಮೊದಲು ಕಾಯಿಲೆಯ ಬಗ್ಗೆ ಎರಡು ಮಾತು. ಹಿಮೋಫಿಲಿಯಾದಲ್ಲಿ ರಕ್ತ ಹೆಪ್ಪುಗಟ್ಟಿಸುವ ಒಂದು ಪ್ರೋಟೀನ್ ಕಡಿಮೆ ಇರುತ್ತದೆ. ಎ ಬಗೆಯಲ್ಲಿ ಫ್ಯಾಕ್ಟರ್ 8, ಬಿ ಬಗೆಯಲ್ಲಿ ಫ್ಯಾಕ್ಟರ್ 9. ಇವುಗಳ ಜೀನ್ ಇರುವುದು ಎಕ್ಸ್ ವರ್ಣತಂತುವಿನಲ್ಲಿ. ಗಂಡಿಗೆ ಒಂದೇ ಎಕ್ಸ್, ಅದೂ ತಾಯಿಯಿಂದ ಬಂದದ್ದು. ಅದು ಕೆಟ್ಟಿದ್ದರೆ ಕಾಯಿಲೆ ಬಂದೇ ಬರುತ್ತದೆ. ಹೆಣ್ಣಿಗೆ ಎರಡು ಎಕ್ಸ್ ಇರುವುದರಿಂದ ಒಂದು ಕೆಟ್ಟಿದ್ದರೂ ಇನ್ನೊಂದು ಸಾಮಾನ್ಯವಾಗಿ ಕೆಲಸ ನಡೆಸುತ್ತದೆ. ಅಂಥವಳೇ ವಾಹಕಿ. ವಾಹಕಿಗೆ ಹುಟ್ಟುವ ಪ್ರತಿ ಗಂಡುಮಗುವಿಗೂ ಕಾಯಿಲೆಯ ಸಾಧ್ಯತೆ ಅರ್ಧ. ಪ್ರತಿ ಹೆಣ್ಣುಮಗು ವಾಹಕಿಯಾಗುವ ಸಾಧ್ಯತೆಯೂ ಅರ್ಧ.

ಈಗ ನಮ್ಮ ಜಿಲ್ಲೆಯ ಒಂದು ಕುಟುಂಬವನ್ನು ಕಲ್ಪಿಸಿಕೊಳ್ಳಿ. ತವರು ಹೊಳಲ್ಕೆರೆ. ಅಮ್ಮನ ತಮ್ಮನಿಗೆ, ಅಂದರೆ ಮಕ್ಕಳ ಸೋದರಮಾವನಿಗೆ, ತೀವ್ರ ಹಿಮೋಫಿಲಿಯಾ ಇತ್ತು. ಅಮ್ಮನ ಒಬ್ಬ ಮಗನಿಗೂ ಇದೆ. ತಮ್ಮನಿಗೂ ಮಗನಿಗೂ ಇದೆ ಅಂದಮೇಲೆ ಅಮ್ಮ ವಾಹಕಿ ಅನ್ನುವುದರಲ್ಲಿ ಅನುಮಾನವಿಲ್ಲ. ಅವಳಿಗೆ ಇಬ್ಬರು ಹೆಣ್ಣುಮಕ್ಕಳು. ಅಕ್ಕನನ್ನು ಹಿರಿಯೂರಿಗೆ ಕೊಟ್ಟಿದ್ದಾರೆ, ಅವಳಿಗೆ ಮೂವರು ಗಂಡುಮಕ್ಕಳು, ಮೂವರೂ ಆರೋಗ್ಯವಂತರು. ತಂಗಿಯನ್ನು ಹೊಸದುರ್ಗಕ್ಕೆ ಕೊಟ್ಟಿದ್ದಾರೆ, ಇನ್ನೂ ಮಕ್ಕಳಾಗಿಲ್ಲ.

ಮಕ್ಕಳಾಗುವ ಮೊದಲು ಇಬ್ಬರದೂ ಒಂದೇ ಲೆಕ್ಕ: ವಾಹಕಿಯಾಗಿರುವ ಸಾಧ್ಯತೆ ಅರ್ಧ. ಅಕ್ಕನ ಮೂವರು ಮಕ್ಕಳು ಈ ಅರ್ಧವನ್ನು ಎಷ್ಟಕ್ಕೆ ಇಳಿಸಿದರು?

ಅಕ್ಕನ ಸ್ಥಿತಿಯಲ್ಲೇ ಇರುವ 16 ಹೆಂಗಸರನ್ನು ಊಹಿಸಿಕೊಳ್ಳಿ. ಎಲ್ಲರಿಗೂ ವಾಹಕಿ ತಾಯಿ, ಎಲ್ಲರಿಗೂ ಮೂವರು ಗಂಡುಮಕ್ಕಳು. ಇವರಲ್ಲಿ ಸರಾಸರಿ 8 ಮಂದಿ ವಾಹಕಿಯರು, 8 ಮಂದಿ ಅಲ್ಲ. ವಾಹಕಿಯರಲ್ಲದ ಎಂಟೂ ಜನರ ಮಕ್ಕಳು ಆರೋಗ್ಯವಾಗಿರುತ್ತಾರೆ. ವಾಹಕಿಯರಾದ ಎಂಟು ಜನರಲ್ಲಿ ಮೊದಲ ಮಗ ಪಾರಾಗುವುದು 4 ಜನರಿಗೆ, ಎರಡನೆಯವನೂ ಪಾರಾಗುವುದು ಇಬ್ಬರಿಗೆ, ಮೂವರೂ ಪಾರಾಗುವುದು ಒಬ್ಬಳಿಗೆ ಮಾತ್ರ. ಹಾಗಾಗಿ “ಮೂವರೂ ಆರೋಗ್ಯವಂತರು” ಎಂದು ಹೇಳಬಲ್ಲವರು ಒಟ್ಟು 9 ಜನ. ಅವರಲ್ಲಿ ವಾಹಕಿ ಒಬ್ಬಳು. ಅಕ್ಕನ ಸಾಧ್ಯತೆ ಅರ್ಧದಿಂದ 1/9ಕ್ಕೆ, ಅಂದರೆ ಸುಮಾರು ಶೇ. 11ಕ್ಕೆ ಇಳಿಯಿತು.

1763ರಲ್ಲಿ, ಥಾಮಸ್ ಬೇಯ್ಸ್ ತೀರಿಕೊಂಡ ಮೇಲೆ ಪ್ರಕಟವಾದ ಪ್ರಬಂಧದ ತಿರುಳು ಇದೇ. ಇಂಜಿನಿಯರಿಂಗ್‌ನಲ್ಲಿ ನಾವಿದನ್ನು ಚೀಲದೊಳಗಿನ ಕೆಂಪು-ನೀಲಿ ಚೆಂಡುಗಳ ಲೆಕ್ಕವಾಗಿ ಕಲಿತೆವು. ಇಲ್ಲಿ ಚೀಲದ ಬದಲು ಒಂದು ಸಂಸಾರವಿದೆ. ಶುರುವಿನ ಸಾಧ್ಯತೆ ಅರ್ಧವಿದ್ದು ಆರೋಗ್ಯವಂತ ಗಂಡುಮಕ್ಕಳ ಸಂಖ್ಯೆ n ಆದರೆ, ವಾಹಕಿಯಾಗಿರುವ ಸಾಧ್ಯತೆ ಹೀಗೆ:

1 / (2ⁿ + 1)

ಒಬ್ಬ ಮಗನಿದ್ದರೆ 1/3, ಇಬ್ಬರಿದ್ದರೆ 1/5, ಮೂವರಿದ್ದರೆ 1/9, ನಾಲ್ವರಿದ್ದರೆ 1/17. ಇಳಿಯುತ್ತಾ ಹೋಗುತ್ತದೆ, ಸೊನ್ನೆ ಮಾತ್ರ ಆಗುವುದಿಲ್ಲ. ಅಕ್ಕನಿಗೆ ನಾಲ್ಕನೆಯ ಗಂಡುಮಗು ಹುಟ್ಟಿದರೆ ಅವನಿಗೆ ಕಾಯಿಲೆ ಇರುವ ಸಾಧ್ಯತೆ 1/9ರ ಅರ್ಧ, ಅಂದರೆ 1/18.

ಜನ ಎಡವುವುದು ಇದರ ಮುಂದಿನ ಹೆಜ್ಜೆಯಲ್ಲಿ. ಅಕ್ಕನ ಮಕ್ಕಳ ಆರೋಗ್ಯ ಅವಳ ದೇಹದಲ್ಲಿ ಏನನ್ನೂ ಬದಲಿಸಿಲ್ಲ. ಅವಳು ಹುಟ್ಟುವಾಗಲೇ ವಾಹಕಿಯಾಗಿದ್ದಳು, ಇಲ್ಲವೇ ಆಗಿರಲಿಲ್ಲ. ಬದಲಾದದ್ದು ನಮ್ಮ ತಿಳಿವಳಿಕೆ. ಹಾಗಾಗಿಯೇ ಇದೇ ಸಮಾಧಾನವನ್ನು ಹೊಳಲ್ಕೆರೆಯ ಅಮ್ಮನಿಗೆ ಹೇಳಲಾಗದು. ಅವಳು ವಾಹಕಿ ಎಂಬುದು ಖಚಿತ. ಕಾಯಿಲೆಯಿಲ್ಲದ ಗಂಡುಮಕ್ಕಳು ಅವಳಿಗೆ ಇನ್ನೂ ನಾಲ್ವರಿದ್ದರೂ ಮುಂದಿನ ಮಗನ ಸಾಧ್ಯತೆ ಅರ್ಧವೇ. “ಒಬ್ಬನಿಗೆ ಬಂತಲ್ಲ, ಇನ್ನು ಬರಲ್ಲ” ಅನ್ನುವುದೂ ತಪ್ಪು, “ನಾಲ್ವರು ಪಾರಾದರು, ಐದನೆಯವನಿಗೆ ಬಂದೇ ಬರುತ್ತೆ” ಅನ್ನುವುದೂ ತಪ್ಪು. ಅನುಮಾನ ಇರುವ ಕಡೆ ಮಾತ್ರ ಹೊಸ ಸಾಕ್ಷ್ಯಕ್ಕೆ ಕೆಲಸ.

ಇನ್ನು ಹೊಸದುರ್ಗದ ತಂಗಿ. “ಅಕ್ಕನ ಮಕ್ಕಳೆಲ್ಲ ಚೆನ್ನಾಗಿದ್ದಾರೆ, ನಿನಗೂ ಏನಾಗಲ್ಲ ಬಿಡು” ಅಂತ ಅವಳಿಗೆ ಯಾರಾದರೂ ಹೇಳಿದರೆ ನಂಬಬೇಡಿ. ಅಮ್ಮನ ಎರಡು ಎಕ್ಸ್‌ಗಳಲ್ಲಿ ತಂಗಿಗೆ ಯಾವುದು ಬಂತು ಅನ್ನುವುದಕ್ಕೂ ಅಕ್ಕನಿಗೆ ಯಾವುದು ಬಂತು ಅನ್ನುವುದಕ್ಕೂ ಸಂಬಂಧವಿಲ್ಲ. ತಂಗಿ ಇನ್ನೂ ಅರ್ಧದಲ್ಲೇ ನಿಂತಿದ್ದಾಳೆ. ಆದರೆ ಸೋದರಮಾವನ ಕಥೆ ಇಲ್ಲದೆ, ಇಡೀ ಕುಟುಂಬದಲ್ಲಿ ಕಾಯಿಲೆ ಇರುವುದು ಅಣ್ಣನೊಬ್ಬನಿಗೇ ಆಗಿದ್ದರೆ ಮಾತು ಬೇರೆ. ಆಗ ಜೀನ್‌ನ ದೋಷ ಅವನಲ್ಲೇ ಹೊಸದಾಗಿ ಹುಟ್ಟಿರಲೂಬಹುದು, ಅಂದರೆ ಅಮ್ಮ ವಾಹಕಿಯೇ ಎಂಬುದರಲ್ಲೂ ಅನುಮಾನ ಉಳಿಯುತ್ತದೆ. ಆ ಅನುಮಾನದ ಮೇಲೆ ಅಕ್ಕನ ಮಕ್ಕಳ ಸಾಕ್ಷ್ಯ ಕೆಲಸ ಮಾಡಿ, ಅಮ್ಮನ ಮೂಲಕ ತಂಗಿಯ ಸಾಧ್ಯತೆಯನ್ನೂ ಸ್ವಲ್ಪ ಇಳಿಸುತ್ತದೆ. ಕುಟುಂಬದ ವಿವರ ಕೇಳದೆ ಲೆಕ್ಕ ಹಾಕಬಾರದು ಅನ್ನುವುದು ಇದಕ್ಕೇ.

ಇತಿಹಾಸದಲ್ಲಿ ಇದಕ್ಕೊಂದು ಪ್ರಸಿದ್ಧ ಉದಾಹರಣೆ ಇದೆ. ಬ್ರಿಟನ್ನಿನ ವಿಕ್ಟೋರಿಯಾ ರಾಣಿ ವಾಹಕಿ, ಅವಳ ಮಗ ಲಿಯೋಪೋಲ್ಡ್‌ಗೆ ಹಿಮೋಫಿಲಿಯಾ ಇತ್ತು. ಹೆಣ್ಣುಮಕ್ಕಳೆಲ್ಲರ ಆರಂಭದ ಸಾಧ್ಯತೆ ಅರ್ಧ. ಎರಡನೆಯ ಮಗಳು ಆಲಿಸ್‌ಳ ಒಬ್ಬ ಮಗನಿಗೆ ಕಾಯಿಲೆ ಕಾಣಿಸಿತು. ಆ ಒಂದೇ ಸಾಕ್ಷ್ಯದಿಂದ ಅವಳ ಅರ್ಧ ನೂರಕ್ಕೆ ನೂರಾಯಿತು. ಹಿರಿಯ ಮಗಳಿಗೆ, ಅಂದರೆ ಜರ್ಮನಿಯ ಕೈಸರ್ ಎರಡನೆಯ ವಿಲ್ಹೆಲ್ಮ್‌ನ ತಾಯಿಗೆ, ನಾಲ್ವರು ಗಂಡುಮಕ್ಕಳು. ಯಾರಲ್ಲೂ ಕಾಯಿಲೆ ಕಾಣಲಿಲ್ಲ. ಹಾಗಂತ 1/17 ಅಂದುಬಿಡುವ ಮೊದಲು ಒಂದು ವಿಷಯ ಗಮನಿಸಬೇಕು: ನಾಲ್ವರಲ್ಲಿ ಒಬ್ಬ ಎರಡು ವರ್ಷ ತುಂಬುವ ಮೊದಲೇ ಬೇರೆ ಕಾಯಿಲೆಯಿಂದ ತೀರಿಕೊಂಡಿದ್ದ. ಅವನನ್ನು ಪೂರ್ಣ ಸಾಕ್ಷ್ಯವೆಂದು ಎಣಿಸುವುದು ಕಷ್ಟ.

ಈ ಲೆಕ್ಕದಲ್ಲಿ ಹೆಚ್ಚು ತಪ್ಪಾಗುವುದು ಇಲ್ಲೇ. “ಆರೋಗ್ಯವಂತ ಮಗ” ಅಂದರೆ ಯಾರು? ತೀವ್ರ ಹಿಮೋಫಿಲಿಯಾ ಸಾಮಾನ್ಯವಾಗಿ ಮಗು ಅಂಬೆಗಾಲಿಡುವಾಗ, ನಡೆಯಲು ಕಲಿಯುವಾಗ ಗೊತ್ತಾಗುತ್ತದೆ. ಚಿಕ್ಕ ಪೆಟ್ಟಿಗೂ ದೊಡ್ಡ ಬಾವು, ಮಂಡಿ-ಮೊಣಕೈ ಊದುವುದು, ತುಟಿ ಒಡೆದರೆ ರಕ್ತ ನಿಲ್ಲದಿರುವುದು. ಅಕ್ಕನ ಮೂರನೆಯ ಮಗನಿಗೆ ಇನ್ನೂ ನಾಲ್ಕು ತಿಂಗಳು ಅಂದುಕೊಳ್ಳಿ. ಅವನು ಇನ್ನೂ ಬಿದ್ದೇ ಇಲ್ಲ, ಪರೀಕ್ಷೆಯೂ ಆಗಿಲ್ಲ. ಅವನನ್ನು ಬಿಟ್ಟು ಎಣಿಸಿದರೆ ಅಕ್ಕನದು 1/9 ಅಲ್ಲ, 1/5. ಒಂದು ಕುಟುಂಬದಲ್ಲಿ ಹರಿಯುವುದು ಒಂದೇ ದೋಷವಾದ್ದರಿಂದ ಕಾಯಿಲೆಯ ತೀವ್ರತೆಯೂ ಸುಮಾರಾಗಿ ಒಂದೇ ಇರುತ್ತದೆ. ಮಾವನಿಗೆ ತೀವ್ರವಾಗಿದ್ದರೆ, ಐದು ವರ್ಷದವರೆಗೆ ಆಡಿ ಬಿದ್ದು ಏನೂ ಆಗದ ಹುಡುಗ ಒಳ್ಳೆಯ ಸಾಕ್ಷ್ಯ. ಕುಟುಂಬದಲ್ಲಿರುವುದು ಸೌಮ್ಯ ಬಗೆಯಾದರೆ ಹಲ್ಲು ಕೀಳಿಸುವ ತನಕ, ಆಪರೇಷನ್ ಆಗುವ ತನಕ ಅದು ಗೊತ್ತಾಗದೇ ಇರಬಹುದು. ಅಲ್ಲಿ ಕಣ್ಣಂದಾಜು ಸಾಲದು, ಮಗನ ಫ್ಯಾಕ್ಟರ್ ಮಟ್ಟ ಅಳೆಯಬೇಕು. ಇನ್ನು ಹೆಣ್ಣುಮಕ್ಕಳು ಆರೋಗ್ಯವಾಗಿದ್ದಾರೆ ಅನ್ನುವುದು ಈ ಲೆಕ್ಕಕ್ಕೆ ಏನನ್ನೂ ಸೇರಿಸುವುದಿಲ್ಲ. ವಾಹಕಿಯ ಮಗಳೂ ಸಾಮಾನ್ಯವಾಗಿ ಆರೋಗ್ಯವಾಗಿಯೇ ಕಾಣುತ್ತಾಳೆ.

ಅಕ್ಕನ ಫ್ಯಾಕ್ಟರ್ 8 ಅಳೆದರೆ ಸಾಲದೇ? ಸಾಲದು. ವಾಹಕಿಯರಲ್ಲಿ ಅದು ಸರಾಸರಿ ಅರ್ಧದಷ್ಟಿದ್ದರೂ, ಎಷ್ಟೋ ವಾಹಕಿಯರಲ್ಲಿ ಸಾಮಾನ್ಯ ಮಟ್ಟದಲ್ಲೇ ಇರುತ್ತದೆ. ಕಡಿಮೆ ಬಂದರೆ ಅನುಮಾನ ಏರುತ್ತದೆ, ಸರಿಯಾಗಿ ಬಂದರೆ ಅನುಮಾನ ಪೂರ್ತಿ ಹೋಗುವುದಿಲ್ಲ. ಉತ್ತರ ಸಿಗುವುದು ಜೀನ್ ಪರೀಕ್ಷೆಯಲ್ಲಿ. ಅದಕ್ಕೂ ಒಂದು ಕ್ರಮವಿದೆ: ಮೊದಲು ಕಾಯಿಲೆ ಇರುವ ಅಣ್ಣನ ರಕ್ತದಲ್ಲಿ ದೋಷ ಯಾವುದೆಂದು ಹುಡುಕಬೇಕು, ಆಮೇಲೆ ಅದೇ ದೋಷ ಅಕ್ಕನಲ್ಲಿದೆಯೇ ನೋಡಬೇಕು. ತೀವ್ರ ಹಿಮೋಫಿಲಿಯಾ ಎ ಇರುವವರಲ್ಲಿ ಹೆಚ್ಚುಕಡಿಮೆ ಅರ್ಧ ಮಂದಿಯಲ್ಲಿ ಒಂದೇ ಬಗೆಯ ದೋಷವಿರುವುದರಿಂದ, ಅಂದರೆ ಜೀನ್‌ನ ಒಂದು ತುಂಡು ತಿರುವುಮುರುವಾಗಿರುವುದರಿಂದ, ಹುಡುಕಾಟ ಅಲ್ಲಿಂದಲೇ ಶುರುವಾಗುತ್ತದೆ. ದೋಷ ಅಕ್ಕನಲ್ಲಿ ಇಲ್ಲವಾದರೆ 1/9 ಬಹುತೇಕ ಸೊನ್ನೆ. ಇದ್ದರೆ ಅದು 1, ಮೂವರು ಮಕ್ಕಳ ಸಾಕ್ಷ್ಯಕ್ಕೆ ಆಮೇಲೆ ಬೆಲೆಯಿಲ್ಲ.

ಒಂಬತ್ತರಲ್ಲಿ ಒಂದಕ್ಕೆ ಇಷ್ಟೊಂದು ತಲೆಕೆಡಿಸಿಕೊಳ್ಳಬೇಕೇ? ಬೇಕು, ಎರಡು ಕಾರಣಕ್ಕೆ. ವಾಹಕಿಗೆ ಸ್ವತಃ ಫ್ಯಾಕ್ಟರ್ ಕಡಿಮೆ ಇದ್ದರೆ ಮುಟ್ಟಿನಲ್ಲಿ, ಹೆರಿಗೆಯ ನಂತರ ಹೆಚ್ಚು ರಕ್ತ ಹೋಗಬಹುದು. ಹುಟ್ಟುವ ಮಗನಿಗೆ ಕಾಯಿಲೆ ಇರಬಹುದೆಂದು ಮೊದಲೇ ಗೊತ್ತಿದ್ದರೆ ವೈದ್ಯರು ವ್ಯಾಕ್ಯೂಮ್ ಹಾಕಿ ಎಳೆಯುವಂಥ ಹೆರಿಗೆಯನ್ನು ತಪ್ಪಿಸುತ್ತಾರೆ, ಏಕೆಂದರೆ ಅಂಥ ಮಗುವಿನ ತಲೆಯೊಳಗೆ ರಕ್ತಸ್ರಾವವಾಗುವ ಅಪಾಯವಿದೆ.

ನಮ್ಮ ಭಾಗದ ಮಟ್ಟಿಗೆ ಹಿಮೋಫಿಲಿಯಾ ಅಂದರೆ ಮೊದಲು ನೆನಪಾಗುವುದು ದಾವಣಗೆರೆ. 1997ರವರೆಗೆ ಅದೂ ಚಿತ್ರದುರ್ಗ ಜಿಲ್ಲೆಯೇ. ಸ್ವತಃ ಹಿಮೋಫಿಲಿಯಾದೊಂದಿಗೆ ಬದುಕುತ್ತಾ ವೈದ್ಯರಾದ ಡಾ. ಸುರೇಶ್ ಹನಗವಾಡಿ ಅಲ್ಲಿ ಕರ್ನಾಟಕ ಹಿಮೋಫಿಲಿಯಾ ಸೊಸೈಟಿ ಕಟ್ಟಿದರು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಹಿಮೋಫಿಲಿಯಾವನ್ನು ಪಟ್ಟಿಗೆ ಸೇರಿಸಿದೆ. ಆದರೆ ಯುಡಿಐಡಿ ಕಾರ್ಡ್ ಹೋಗುವುದು ಕಾಯಿಲೆ ಇರುವ ಹುಡುಗನ ಹೆಸರಿಗೆ. ಅವನ ಅಕ್ಕ, ತಂಗಿ, ಚಿಕ್ಕಮ್ಮಂದಿರು ಯಾವ ಪಟ್ಟಿಯಲ್ಲಿ ಇದ್ದಾರೆ?

ಈ ಪ್ರಶ್ನೆ ಈಗ ಹೆಚ್ಚು ಮುಖ್ಯ, ಕಾರಣವೂ ಅದೇ ಸೂತ್ರದಲ್ಲಿದೆ. ನಮ್ಮ ಅಜ್ಜಿಯರ ಕಾಲದಲ್ಲಿ ನಾಲ್ಕೈದು ಗಂಡುಮಕ್ಕಳಿದ್ದ ಮನೆಗಳು ಸಾಮಾನ್ಯವಾಗಿದ್ದವು; ಸಂಸಾರವೇ ಒಂದು ಮಟ್ಟಿಗೆ ಪರೀಕ್ಷೆಯ ಕೆಲಸ ಮಾಡುತ್ತಿತ್ತು. ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಒಬ್ಬ ಮಹಿಳೆಗೆ ಸರಾಸರಿ 1.7 ಮಕ್ಕಳು, ಗಂಡು-ಹೆಣ್ಣು ಸೇರಿ. ಒಬ್ಬ ಆರೋಗ್ಯವಂತ ಮಗ ಹೇಳಬಲ್ಲದ್ದು 1/3 ಮಾತ್ರ. ಚಿಕ್ಕ ಸಂಸಾರದಲ್ಲಿ ಮಕ್ಕಳ ಸಾಕ್ಷ್ಯವೂ ಚಿಕ್ಕದು, ಆ ಜಾಗವನ್ನು ಪ್ರಯೋಗಾಲಯವೇ ತುಂಬಬೇಕು. ಜಿಲ್ಲಾಸ್ಪತ್ರೆಯಲ್ಲಿ ಒಬ್ಬ ಹುಡುಗನಿಗೆ ಹಿಮೋಫಿಲಿಯಾ ಎಂದು ದಾಖಲಾದ ದಿನವೇ ಅವನ ತಾಯಿಯ ಕಡೆಯ ಹೆಣ್ಣುಮಕ್ಕಳ ಪಟ್ಟಿ ಬರೆದುಕೊಂಡು, ಅವರ ಒಪ್ಪಿಗೆ ಪಡೆದು, ರಕ್ತದ ಮಾದರಿಯನ್ನು ಪರೀಕ್ಷೆಗೆ ಕಳಿಸುವ ವ್ಯವಸ್ಥೆ ಬೇಕು. ಹೊಸದುರ್ಗದ ತಂಗಿ ಮೊದಲ ಬಸಿರಿಗೆ ಮುಂಚೆ ತನ್ನ ಉತ್ತರ ತಿಳಿಯಬೇಕಾದರೆ ಬೇರೆ ದಾರಿಯಿಲ್ಲ. ಅವಳ ಪರವಾಗಿ ಸಾಕ್ಷಿ ಹೇಳಲು ಮಕ್ಕಳಿನ್ನೂ ಹುಟ್ಟಿಲ್ಲ.