ವಸೂಲಿ ಏಜೆಂಟರ ಬೆದರಿಕೆ ಕರೆ: ಲಿಖಿತ ನೋಟಿಸಿನ ಬಲವೂ ಮಿತಿಯೂ

ಮಧುಗಿರಿ ಉಪವಿಭಾಗದ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ತಾಲ್ಲೂಕುಗಳ ವರ್ತಕರಿಗೆ ಸಾಲವೆಂಬುದು ಹೊಸ ವಿಷಯವೇನಲ್ಲ. ಮಳೆ ಕೈಕೊಟ್ಟ ವರ್ಷ ಕಡಲೆಕಾಯಿ ಮಾರುಕಟ್ಟೆಗೆ ಬರುವುದಿಲ್ಲ. ಮಾಲು ಬಾರದೆ ಗಿರಣಿ ನಿಂತರೂ ಸಾಲದ ಕಂತು ನಿಲ್ಲುವುದಿಲ್ಲ. ಕಂತು ತಪ್ಪಿದಾಗ ಸಾಲ ಕೊಟ್ಟ ಸಂಸ್ಥೆಯು ಹಣ ಕೇಳುವುದು ನ್ಯಾಯವೇ ಆಗಿದೆ. ಆದರೆ ಕೇಳುವ ಕ್ರಮಕ್ಕೂ ಒಂದು ಕಟ್ಟಳೆಯಿದೆ. ಅದು ಮೀರಿದಾಗ ಸಾಲಗಾರನು ಬರೆಯಬೇಕಾದ ಪತ್ರದ ಬಗ್ಗೆ ಈ ಲೇಖನದಲ್ಲಿ ವಿವರಿಸಲಾಗಿದೆ.

ಒಂದು ಪ್ರಕರಣ

ಮಧುಗಿರಿಯ ನನ್ನ ಕಕ್ಷಿದಾರರೊಬ್ಬರು ಕಡಲೆಕಾಯಿ ಸುಲಿಯುವ ಯಂತ್ರಕ್ಕಾಗಿ ಬ್ಯಾಂಕೊಂದರಿಂದ 6 ಲಕ್ಷ ರೂಪಾಯಿ ಸಾಲ ಪಡೆದಿದ್ದರು. ಮಾಸಿಕ ಕಂತು 16,700 ರೂಪಾಯಿ. ಮೂರು ಕಂತುಗಳು, ಅಂದರೆ 50,100 ರೂಪಾಯಿ ಬಾಕಿ ಉಳಿಯಿತು. ಆಗ ಒಬ್ಬ ವ್ಯಕ್ತಿ ಬೆಳಿಗ್ಗೆ ಆರೂಕಾಲಿಗೆ ಕರೆ ಮಾಡಿ 68,500 ರೂಪಾಯಿ ಕಟ್ಟದಿದ್ದರೆ ಅಂಗಡಿಯ ಮುಂದೆ ಜನ ಸೇರಿಸುವುದಾಗಿ ಬೆದರಿಸಿದನು. ಮರುದಿನ ಶಿರಾದಲ್ಲಿದ್ದ ಅವರ ಭಾವನವರಿಗೆ ಕರೆ ಹೋಯಿತು. ಮೂರನೆಯ ದಿನ, ಇವರಿಗೆ ಉದ್ದರಿ ಮಾಲು ಕೊಡುತ್ತಿದ್ದ ಪಾವಗಡದ ವರ್ತಕರಿಗೇ ಕರೆ ಹೋಯಿತು. ಉದ್ದರಿ ನಿಂತರೆ ವ್ಯಾಪಾರವೇ ನಿಲ್ಲುತ್ತದೆ. ಕಕ್ಷಿದಾರರು ಕೈಸಾಲ ಮಾಡಿಯಾದರೂ ಏಜೆಂಟನ ಕೈಗೆ ಹಣ ಕೊಟ್ಟುಬಿಡುತ್ತೇನೆಂದು ನನ್ನ ಕಚೇರಿಗೆ ಬಂದರು. ಹಣ ಕೊಡುವ ಮೊದಲು ಒಂದು ಪತ್ರ ಬರೆಯೋಣವೆಂದು ನಾನು ತಿಳಿಸಿದೆನು.

ನಿಯಮವೇನು?

ರಿಸರ್ವ್ ಬ್ಯಾಂಕು 2008ರ ಏಪ್ರಿಲ್ 24ರಂದು ವಸೂಲಿ ಏಜೆಂಟರ ಕುರಿತು ಬ್ಯಾಂಕುಗಳಿಗೆ ವಿವರವಾದ ಸುತ್ತೋಲೆ ಹೊರಡಿಸಿತು. ಏಜೆಂಟನನ್ನು ನೇಮಿಸಿದಾಗ ಆ ಏಜೆನ್ಸಿಯ ವಿವರವನ್ನು ಸಾಲಗಾರನಿಗೆ ತಿಳಿಸಬೇಕು, ಏಜೆಂಟನ ಬಳಿ ಬ್ಯಾಂಕಿನ ಅಧಿಕಾರಪತ್ರ ಮತ್ತು ಗುರುತಿನ ಚೀಟಿ ಇರಬೇಕು ಎಂದು ಅದು ವಿಧಿಸಿತು. 2022ರ ಆಗಸ್ಟ್ 12ರ ಸುತ್ತೋಲೆಯು ಬ್ಯಾಂಕುಗಳ ಜೊತೆಗೆ ಬ್ಯಾಂಕೇತರ ಹಣಕಾಸು ಸಂಸ್ಥೆಗಳಿಗೂ ಅನ್ವಯಿಸಿ, ಬಾಕಿ ವಸೂಲಿಗಾಗಿ ಬೆಳಿಗ್ಗೆ 8ಕ್ಕೆ ಮೊದಲು ಮತ್ತು ಸಂಜೆ 7ರ ನಂತರ ಕರೆ ಮಾಡುವುದನ್ನು, ಬೆದರಿಕೆ ಹಾಕುವುದನ್ನು, ಸಾರ್ವಜನಿಕವಾಗಿ ಅವಮಾನಿಸುವುದನ್ನು, ಬಂಧುಮಿತ್ರರ ಖಾಸಗಿತನಕ್ಕೆ ಅಡ್ಡಬರುವುದನ್ನು ನಿಷೇಧಿಸಿತು. ಏಜೆಂಟನ ನಡತೆಗೆ ಸಾಲ ಕೊಟ್ಟ ಸಂಸ್ಥೆಯೇ ಹೊಣೆ ಎಂಬುದು ಇವುಗಳ ತಿರುಳು.

ಆದರೆ ಒಂದು ಸಂಗತಿಯನ್ನು ಸ್ಪಷ್ಟವಾಗಿ ಅರಿತಿರಬೇಕು. ಅಮೆರಿಕದಲ್ಲಿ 1977ರ ಕಾನೂನಿನ ಪ್ರಕಾರ ಗ್ರಾಹಕ ಸಾಲಗಾರನು ಲಿಖಿತವಾಗಿ ತಿಳಿಸಿದರೆ ವಸೂಲಿಗಾರನು ಸಂಪರ್ಕವನ್ನೇ ನಿಲ್ಲಿಸಬೇಕಾಗುತ್ತದೆ. ಕೆಲವು ವಿನಾಯಿತಿಗಳು ಮಾತ್ರ ಇವೆ. ನಮ್ಮಲ್ಲಿ ಅಂತಹ ಹಕ್ಕು ಇಲ್ಲ. ‘ಇನ್ನು ಮುಂದೆ ಬರಹದಲ್ಲಿ ಮಾತ್ರ ವ್ಯವಹರಿಸಿ’ ಎಂಬುದು ನಮ್ಮಲ್ಲಿ ಒಂದು ಕೋರಿಕೆಯಷ್ಟೆ. ಅದನ್ನು ಏಜೆಂಟನಿಗೆ ಮಾತ್ರ ಕಳುಹಿಸಿದರೆ ಹೆಚ್ಚು ಫಲವಿಲ್ಲ. ಅದೇ ಪತ್ರವನ್ನು ಬ್ಯಾಂಕಿಗೆ ದೂರಾಗಿ ಸಲ್ಲಿಸಿದಾಗ ಅದಕ್ಕೆ ಬಲ ಬರುತ್ತದೆ. ಏಕೆಂದರೆ, ಸಾಲಗಾರನ ದೂರು ಇತ್ಯರ್ಥವಾಗುವವರೆಗೆ ಆ ಪ್ರಕರಣವನ್ನು ವಸೂಲಿ ಏಜೆನ್ಸಿಗೆ ಒಪ್ಪಿಸಬಾರದೆಂದು 2008ರ ಸುತ್ತೋಲೆ ಬ್ಯಾಂಕುಗಳಿಗೆ ಹೇಳಿತು. ದೂರು ಕೇವಲ ಕಿರುಕುಳಕ್ಕಾಗಿ ಪದೇಪದೇ ಕೊಟ್ಟದ್ದೆಂದು ಬ್ಯಾಂಕಿಗೆ ಆಧಾರಸಹಿತ ಮನವರಿಕೆಯಾದರೆ ಮಾತ್ರ ಇದಕ್ಕೆ ಅಪವಾದ.

ಪತ್ರದ ಒಕ್ಕಣೆ

ಕಕ್ಷಿದಾರರು ಕರೆಗಳ ದಿನಾಂಕ, ವೇಳೆ, ದೂರವಾಣಿ ಸಂಖ್ಯೆ ಮತ್ತು ಆಡಿದ ಮಾತುಗಳನ್ನು ಒಂದು ಹಾಳೆಯಲ್ಲಿ ಬರೆದರು. ಭಾವನವರೂ ಪಾವಗಡದ ವರ್ತಕರೂ ತಮಗೆ ಬಂದ ಕರೆಯ ವಿವರವನ್ನು ಬರೆದು ಸಹಿ ಮಾಡಿಕೊಟ್ಟರು. ಅನಂತರ ಈ ರೀತಿ ಪತ್ರ ಸಿದ್ಧವಾಯಿತು:

“ಸಾಲದ ಖಾತೆ ಸಂಖ್ಯೆ ........ ಕುರಿತು. ತಮ್ಮ ಪ್ರತಿನಿಧಿಯೆಂದು ಹೇಳಿಕೊಂಡ ವ್ಯಕ್ತಿಯು ಲಗತ್ತಿಸಿದ ಪಟ್ಟಿಯಲ್ಲಿರುವ ದಿನ ಮತ್ತು ವೇಳೆಗಳಲ್ಲಿ ನನಗೂ, ಸಾಲಕ್ಕೆ ಸಂಬಂಧವಿಲ್ಲದ ಇಬ್ಬರಿಗೂ ಕರೆ ಮಾಡಿ ಬೆದರಿಕೆಯ ಮಾತುಗಳನ್ನಾಡಿರುತ್ತಾರೆ. ಆತನ ಅಧಿಕಾರಪತ್ರದ ಪ್ರತಿಯನ್ನೂ, ತಾವು ಬಾಕಿಯೆಂದು ಹೇಳುವ ಮೊತ್ತದ ಖಾತೆ ವಿವರವನ್ನೂ ಕಳುಹಿಸಿಕೊಡಬೇಕು. ಈ ಸಾಲದ ಬಗ್ಗೆ ಇನ್ನು ಮುಂದೆ ಮೇಲ್ಕಂಡ ವಿಳಾಸಕ್ಕೆ ಬರಹದ ಮೂಲಕವೇ ವ್ಯವಹರಿಸಬೇಕು. ನನ್ನ ಬಂಧುಗಳನ್ನಾಗಲಿ ವ್ಯಾಪಾರಸ್ಥರನ್ನಾಗಲಿ ಸಂಪರ್ಕಿಸಬಾರದು. ಈ ಪತ್ರವನ್ನು ದೂರೆಂದು ದಾಖಲಿಸಿ ಉತ್ತರಿಸಬೇಕು. ಇದು ನನ್ನ ಹಕ್ಕುಬಾಧ್ಯತೆಗಳಿಗೆ ಧಕ್ಕೆಯಾಗದಂತೆ ಬರೆದ ಪತ್ರವಾಗಿದೆ.”

ಇಲ್ಲಿ ‘ನಾನು ಕೊಡಬೇಕಾದ’ ಎನ್ನದೆ ‘ತಾವು ಬಾಕಿಯೆಂದು ಹೇಳುವ’ ಎಂದು ಬರೆದದ್ದಕ್ಕೆ ಕಾರಣವಿದೆ. 1963ರ ಕಾಲಮಿತಿ ಕಾಯಿದೆಯ 18ನೆಯ ಕಲಮಿನ ಪ್ರಕಾರ, ಅವಧಿ ಮುಗಿಯುವ ಮೊದಲು ಸಾಲಗಾರನು ಹೊಣೆಯನ್ನು ಒಪ್ಪಿ ಸಹಿ ಮಾಡಿದ ಬರಹವಿದ್ದರೆ ದಾವೆಯ ಕಾಲಾವಧಿ ಆ ದಿನದಿಂದ ಹೊಸದಾಗಿ ಆರಂಭವಾಗುತ್ತದೆ. ಹಳೆಯ ಸಾಲಗಳಲ್ಲಿ ಇದು ಗಂಭೀರ ಪರಿಣಾಮ ಉಂಟುಮಾಡಬಹುದು. ಹಾಗೆಂದು ಇರುವ ಸಾಲವನ್ನು ಇಲ್ಲವೆಂದು ಬರೆಯುವುದೂ ತಪ್ಪು. ಆ ಸುಳ್ಳು ಮುಂದೆ ನ್ಯಾಯಾಲಯದಲ್ಲಿ ಬರೆದವರಿಗೇ ತಿರುಗುಬಾಣವಾಗುತ್ತದೆ. ಲೆಕ್ಕ ಕೇಳಿದರೆ ಸಾಕು.

ಪತ್ರವನ್ನು ಏಜೆನ್ಸಿಗೆ, ಶಾಖಾ ವ್ಯವಸ್ಥಾಪಕರಿಗೆ ಹಾಗೂ ಬ್ಯಾಂಕಿನ ಕುಂದುಕೊರತೆ ಅಧಿಕಾರಿಗೆ ಪ್ರತ್ಯೇಕವಾಗಿ ಕಳುಹಿಸಿದೆವು. ಶಾಖೆಯ ಪ್ರತಿಯನ್ನು ಖುದ್ದಾಗಿ ಕೊಟ್ಟು ನಕಲಿನ ಮೇಲೆ ಮೊಹರು ಮತ್ತು ದಿನಾಂಕ ಹಾಕಿಸಿಕೊಂಡೆವು. ರಿಜಿಸ್ಟರ್ಡ್ ಅಂಚೆಯು 2025ರಲ್ಲಿ ಸ್ಪೀಡ್ ಪೋಸ್ಟಿನಲ್ಲಿ ವಿಲೀನವಾಗಿರುವುದರಿಂದ, ಈಗ ಸ್ಪೀಡ್ ಪೋಸ್ಟಿನಲ್ಲಿ ಕಳುಹಿಸಿ ಬಟವಾಡೆಯ ಪುರಾವೆಯನ್ನು ಜೋಪಾನವಾಗಿಡಬೇಕು.

ಫಲಿತಾಂಶ

ಹನ್ನೆರಡನೆಯ ದಿನ ಬ್ಯಾಂಕಿನಿಂದ ಖಾತೆ ವಿವರ ಬಂದಿತು. ಮೂರು ಕಂತುಗಳ 50,100 ರೂಪಾಯಿ ಹಾಗೂ ದಂಡಶುಲ್ಕ 2,950 ರೂಪಾಯಿ ಸೇರಿ ಒಟ್ಟು 53,050 ರೂಪಾಯಿ. ಏಜೆಂಟನು ಕೇಳಿದ್ದಕ್ಕಿಂತ ಇದು 15,450 ರೂಪಾಯಿ ಕಡಿಮೆ. ಆ ಹೆಚ್ಚುವರಿ ಮೊತ್ತ ಬ್ಯಾಂಕಿನ ಯಾವ ಪುಸ್ತಕದಲ್ಲಿಯೂ ಇರಲಿಲ್ಲ. ಕಕ್ಷಿದಾರರು ಎರಡು ಭಾಗಗಳಲ್ಲಿ ಸಾಲದ ಖಾತೆಗೇ ನೇರವಾಗಿ ಹಣ ಕಟ್ಟಿ ರಸೀದಿ ಪಡೆದರು. ಕರೆಗಳು ನಿಂತವು. ಪಾವಗಡದ ವರ್ತಕರಿಗೆ ಖಾತೆ ವಿವರವನ್ನೂ ರಸೀದಿಯನ್ನೂ ತೋರಿಸಿದ ಮೇಲೆ ಉದ್ದರಿಯೂ ಮುಂದುವರಿಯಿತು.

ಬ್ಯಾಂಕು 30 ದಿನಗಳಲ್ಲಿ ಉತ್ತರಿಸದಿದ್ದರೆ ಅಥವಾ ಉತ್ತರ ತೃಪ್ತಿಕರವಾಗಿಲ್ಲದಿದ್ದರೆ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್ ಅವರಿಗೆ ದೂರು ಕೊಡಬಹುದು. ಅಲ್ಲಿ ಮೊದಲು ಕೇಳುವುದು ಬ್ಯಾಂಕಿಗೆ ಕೊಟ್ಟ ದೂರಿನ ದಿನಾಂಕವನ್ನು. ಮೊಹರು ಹಾಕಿದ ನಕಲಿನ ಬೆಲೆ ಆಗ ತಿಳಿಯುತ್ತದೆ. ಆದರೆ ಜೀವಭಯದ ಅಥವಾ ಹಲ್ಲೆಯ ಬೆದರಿಕೆ ಬಂದರೆ ಪತ್ರದ ಉತ್ತರಕ್ಕೆ ಕಾಯದೆ ಪೊಲೀಸ್ ಠಾಣೆಗೆ ಹೋಗಬೇಕು. ಭಾರತೀಯ ನ್ಯಾಯ ಸಂಹಿತೆಯ 351ನೆಯ ಕಲಮಿನಂತೆ ಅದು ಅಪರಾಧ. ಸಣ್ಣ ಸಾಲಗಳ ಬಲವಂತದ ವಸೂಲಿಯ ವಿರುದ್ಧ ಕರ್ನಾಟಕ ಸರ್ಕಾರ 2025ರ ಫೆಬ್ರವರಿಯಲ್ಲಿ ಸುಗ್ರೀವಾಜ್ಞೆಯನ್ನೂ, ಅನಂತರ ಕಾಯಿದೆಯನ್ನೂ ತಂದಿದೆ. ಅದು ತಮ್ಮ ಸಾಲಕ್ಕೆ ಅನ್ವಯಿಸುವುದೇ ಎಂಬುದನ್ನು ವಕೀಲರಲ್ಲಿ ವಿಚಾರಿಸುವುದು ಒಳಿತು.

ಎಚ್ಚರಿಕೆ

ಈ ಪತ್ರದಿಂದ ಬಡ್ಡಿ ನಿಲ್ಲುವುದಿಲ್ಲ, ಬಾಕಿ ಮನ್ನಾ ಆಗುವುದಿಲ್ಲ, ದಾವೆಗೂ ತಡೆಯಾಗುವುದಿಲ್ಲ. ಬರಹದಲ್ಲಿ ಬರಲಿ ಎಂದು ಕೇಳಿದವರು ಬರುವ ಪತ್ರವನ್ನು ಸ್ವೀಕರಿಸಲೇಬೇಕು. ಅಂಚೆಯವನಿಗೆ ‘ಮನೆಯಲ್ಲಿಲ್ಲ’ ಎಂದು ಹೇಳಿಸಿ ತಪ್ಪಿಸಿಕೊಂಡರೆ, ನೋಟಿಸು ಜಾರಿಯಾಗಿದೆಯೆಂದೇ ನ್ಯಾಯಾಲಯ ಭಾವಿಸಬಹುದು. ಚೆಕ್ಕು ಅಮಾನ್ಯವಾದ ನೋಟಿಸಿಗೆ 15 ದಿನ, ಆಸ್ತಿ ಜಪ್ತಿಗೆ ಮುನ್ನ ಸರ್ಫೇಸಿ ಕಾಯಿದೆಯಡಿ ಬರುವ ನೋಟಿಸಿಗೆ 60 ದಿನ ಮಾತ್ರ ಅವಕಾಶವಿರುತ್ತದೆ. ಲಕೋಟೆ ಬಂದ ದಿನವೇ ಅದರ ಮೇಲೆ ದಿನಾಂಕ ಬರೆದು ತಮ್ಮ ಲೆಕ್ಕಪರಿಶೋಧಕರಿಗೆ ಅಥವಾ ವಕೀಲರಿಗೆ ತೋರಿಸತಕ್ಕದ್ದು.