ಏಳು ವರ್ಷದ ಮಗು ರಾತ್ರಿ ಹಾಸಿಗೆ ಒದ್ದೆ ಮಾಡಿದರೆ: ತಪ್ಪು ಕಲ್ಪನೆ ಮತ್ತು ಸತ್ಯ

"ಇಷ್ಟು ದೊಡ್ಡಾವ ಆಗ್ಯಾನ, ಇನ್ನಾ ಹಾಸಿಗ್ಯಾಗ ಉಚ್ಚಿ ಹೊಯ್ಕಂತಾನ." ರಾಯಚೂರು, ದೇವದುರ್ಗ, ಮಾನ್ವಿ ಕಡೆಯ ಮನೆಗಳಲ್ಲಿ ಈ ಮಾತು ಮಗುವಿನ ಎದುರಿಗೇ, ಬಂದ ನೆಂಟರ ಮುಂದೆಯೇ ಬರುತ್ತದೆ. ಎರಡನೇ ತರಗತಿಯ ಮಗುವಿಗೆ ಆ ಮಾತು ಪೂರ್ತಿ ಅರ್ಥವಾಗುತ್ತದೆ. ಒದ್ದೆಯಾಗುವುದಕ್ಕೆ ಕಾರಣ ಮಗುವಿನ ದೇಹದಲ್ಲಿದೆ. ನಾಚಿಕೆ ಮಾತ್ರ ಮನೆಯವರ ಮಾತಿನಿಂದ ಹುಟ್ಟಿದ್ದು. ಎರಡನ್ನೂ ಬೇರೆ ಬೇರೆಯಾಗಿ ನೋಡಿದರೆ ದಾರಿ ಕಾಣುತ್ತದೆ.

ತಪ್ಪು ಕಲ್ಪನೆ: ಇದು ಸೋಮಾರಿತನ. ಬೈದರೆ, ಬರೆ ಹಾಕುತ್ತೇನೆಂದು ಹೆದರಿಸಿದರೆ ನಿಲ್ಲುತ್ತದೆ.

ಸತ್ಯ: ಮಗು ನಿದ್ದೆಯಲ್ಲಿರುವಾಗ ಆಗುವ ಕೆಲಸ ಅದರ ಹತೋಟಿಯಲ್ಲಿಲ್ಲ. ಸಾಮಾನ್ಯವಾಗಿ ರಾತ್ರಿ ಹೊತ್ತು ಮೆದುಳಿನಿಂದ ಒಂದು ಹಾರ್ಮೋನು ಹೆಚ್ಚು ಬಂದು, ಮೂತ್ರ ತಯಾರಾಗುವುದನ್ನು ತಗ್ಗಿಸುತ್ತದೆ. ಕೆಲವು ಮಕ್ಕಳಲ್ಲಿ ಈ ಏರಿಕೆ ತಡವಾಗಿ ಶುರುವಾಗುತ್ತದೆ. ಕೆಲವರ ಮೂತ್ರಕೋಶ ರಾತ್ರಿ ಸ್ವಲ್ಪವನ್ನಷ್ಟೇ ಹಿಡಿದಿಡುತ್ತದೆ. ಇವುಗಳ ಜೊತೆಗೆ, ಮೂತ್ರಕೋಶ ತುಂಬಿದ ಸುದ್ದಿ ಮೆದುಳಿಗೆ ಮುಟ್ಟಿದರೂ ಎಚ್ಚರವಾಗದಿರುವುದು ಇಂಥ ಮಕ್ಕಳಲ್ಲಿ ಸಾಮಾನ್ಯ. ಬೈಗುಳ ಇದ್ಯಾವುದನ್ನೂ ಸರಿಪಡಿಸುವುದಿಲ್ಲ. ಕಾದ ಬರೆಯಿಂದ ಸುಟ್ಟ ಗಾಯ ಮತ್ತು ಮಲಗುವ ಭಯ ಎರಡೇ ಉಳಿಯುತ್ತವೆ.

ತಪ್ಪು ಕಲ್ಪನೆ: ಈ ವಯಸ್ಸಿನಲ್ಲಿ ನಮ್ಮ ಮಗುವಿಗೆ ಮಾತ್ರ ಹೀಗೆ.

ಸತ್ಯ: ಏಳು ವರ್ಷದ ನೂರು ಮಕ್ಕಳಲ್ಲಿ ಐದರಿಂದ ಹತ್ತು ಮಕ್ಕಳಿಗೆ ಹೀಗಾಗುತ್ತದೆ. ನಲವತ್ತು ಮಕ್ಕಳ ತರಗತಿಯಲ್ಲಿ ಇನ್ನೊಬ್ಬರೋ ಇಬ್ಬರೋ ಇದೇ ಗುಟ್ಟನ್ನು ಹೊತ್ತು ಕೂತಿರುತ್ತಾರೆ. ಗಂಡುಮಕ್ಕಳಲ್ಲಿ ಹೆಚ್ಚು. ಇದು ವಂಶದಲ್ಲೂ ಬರುತ್ತದೆ: ತಂದೆ ತಾಯಿಯಲ್ಲಿ ಒಬ್ಬರಿಗೆ ಚಿಕ್ಕಂದಿನಲ್ಲಿ ಇದ್ದಿದ್ದರೆ ಮಗುವಿಗೆ ಬರುವ ಸಾಧ್ಯತೆ ನೂರಕ್ಕೆ ನಲವತ್ತರ ಆಸುಪಾಸು, ಇಬ್ಬರಿಗೂ ಇದ್ದಿದ್ದರೆ ಎಪ್ಪತ್ತಕ್ಕೂ ಮೇಲೆ. ಪ್ರತಿ ವರ್ಷ ಇಂಥ ನೂರು ಮಕ್ಕಳಲ್ಲಿ ಸುಮಾರು ಹದಿನೈದು ಮಕ್ಕಳಿಗೆ ಚಿಕಿತ್ಸೆಯಿಲ್ಲದೆ ನಿಲ್ಲುತ್ತದೆ. ಹಾಗಾಗಿ ನಿಮಗೂ ಹೀಗಿದ್ದಿದ್ದರೆ ಮುಚ್ಚಿಡಬೇಡಿ. "ನಾನೂ ನಿನ್ನಂಗ ಇದ್ದೆ, ಆಮ್ಯಾಲ ನಿಂತೋತು" ಎಂದು ಅಪ್ಪ ಹೇಳಿದರೆ ಮಗುವಿನ ಅರ್ಧ ಭಾರ ಇಳಿಯುತ್ತದೆ.

ತಪ್ಪು ಕಲ್ಪನೆ: ಸಂಜೆಯಿಂದ ನೀರು ಬಂದ್ ಮಾಡಿದರೆ ಸಾಕು.

ಸತ್ಯ: ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ನಮ್ಮ ಜಿಲ್ಲೆಯಲ್ಲಿ ಬಾಯಾರಿದ ಮಗುವಿಗೆ ನೀರು ಕೊಡದಿರುವುದು ಅಪಾಯ. ಸಂಜೆ ಅಷ್ಟೊಂದು ದಾಹ ಯಾಕೆ ಎಂದು ಮೊದಲು ನೋಡಬೇಕು.

ಮಾನ್ವಿಯ ಒಬ್ಬ ಏಳು ವರ್ಷದ ಹುಡುಗ ಎಂದಿಟ್ಟುಕೊಳ್ಳೋಣ. ಬೆಳಿಗ್ಗೆ ಒಂದು ಕಪ್ ಚಹಾ ಕುಡಿದು ಶಾಲೆಗೆ ಹೋಗುತ್ತಾನೆ. ಶಾಲೆಯ ಶೌಚಾಲಯ ಗಲೀಜೆಂದು ಅಲ್ಲಿ ಹೋಗುವುದಿಲ್ಲ, ಹೋಗಬೇಕಾದೀತೆಂದು ನೀರೂ ಕುಡಿಯುವುದಿಲ್ಲ. ತುಂಬಿದ ಬಾಟಲಿ ಹಾಗೇ ವಾಪಸ್ ಬರುತ್ತದೆ. ಸಂಜೆ ಮನೆಗೆ ಬಂದವನೇ ಗಟಗಟ ಎರಡು ಚೊಂಬು ಕುಡಿಯುತ್ತಾನೆ, ಆಮೇಲೆ ಮತ್ತೆ ಚಹಾ, ಊಟಕ್ಕೆ ಮತ್ತೆ ನೀರು. ಇಡೀ ದಿನದ ನೀರು ಮಲಗುವ ಮುಂಚಿನ ನಾಲ್ಕೈದು ಗಂಟೆಯಲ್ಲೇ ಒಳಗೆ ಹೋಯಿತು.

ತಾಯಿ ರಜೆಯ ಎರಡು ದಿನ ಒಂದು ಹಾಳೆಯಲ್ಲಿ ಬರೆದಿಡುತ್ತಾರೆ: ಎಷ್ಟು ಹೊತ್ತಿಗೆ ಎಷ್ಟು ಕುಡಿದ, ಎಷ್ಟು ಹೊತ್ತಿಗೆ ಮೂತ್ರಕ್ಕೆ ಹೋದ, ಅಳತೆ ಗುರುತಿನ ಹಳೆಯ ಡಬ್ಬಿಯಲ್ಲಿ ಎಷ್ಟು ಬಂತು. ವಯಸ್ಸಿಗೆ ಒಂದು ಕೂಡಿಸಿ ಮೂವತ್ತರಿಂದ ಗುಣಿಸಿದರೆ ಆ ವಯಸ್ಸಿನ ಮೂತ್ರಕೋಶ ಹಿಡಿಯಬೇಕಾದ ಅಂದಾಜು ಸಿಗುತ್ತದೆ. ಏಳು ವರ್ಷಕ್ಕೆ 240 ಮಿಲಿಲೀಟರ್. ಬೆಳಗಿನ ಮೊದಲನೆಯದನ್ನು ಬಿಟ್ಟರೆ ಈ ಹುಡುಗನದು ಯಾವ ಸಲವೂ 130 ದಾಟಲಿಲ್ಲ. ಸಂಡಾಸಿಗೆ ಹೋಗುವುದು ಮೂರು ದಿನಕ್ಕೊಮ್ಮೆ, ಅದೂ ಗಟ್ಟಿ. ಕರುಳಲ್ಲಿ ತುಂಬಿ ನಿಂತ ಮಲ ಪಕ್ಕದ ಮೂತ್ರಕೋಶವನ್ನು ಒತ್ತುತ್ತದೆ, ಅದಕ್ಕೆ ಹಿಗ್ಗಲು ಜಾಗ ಸಿಗುವುದಿಲ್ಲ. ಮಲಬದ್ಧತೆ ವಾಸಿಯಾದಾಗ ಹಾಸಿಗೆ ಒದ್ದೆಯಾಗುವುದೂ ನಿಂತ ಮಕ್ಕಳಿದ್ದಾರೆ.

ಈ ಮನೆಯಲ್ಲಿ ಬದಲಾಗಬೇಕಾದ್ದು ನೀರಿನ ಹೊತ್ತು. ಎದ್ದಾಗ ಒಂದು ಲೋಟ, ಶಾಲೆಯಲ್ಲಿ ಬಿಡುವಿಗೊಂದು, ಬಿಸಿಯೂಟಕ್ಕೊಂದು, ಮಧ್ಯಾಹ್ನ ಇನ್ನೊಂದು, ಮನೆಗೆ ಬಂದಮೇಲೆ ಒಂದೆರಡು. ದಿನಕ್ಕೆ ಒಂದು ಲೀಟರಿನ ಮೇಲೆ, ಬಿಸಿಲಿಗೆ ಇನ್ನೂ ಹೆಚ್ಚು. ಹಗಲು ಚೆನ್ನಾಗಿ ಕುಡಿದ ಮಗುವಿಗೆ ರಾತ್ರಿ ದಾಹ ತಾನಾಗಿ ಕಡಿಮೆ. ಚಹಾ, ಕೋಲಾ ಬೇಡ. ಶಿಕ್ಷಕರ ಕಿವಿಯಲ್ಲಿ ಒಂದು ಮಾತು ಹಾಕಿ, ಕೇಳಿದಾಗ ಮೂತ್ರಕ್ಕೆ ಬಿಡಲು ಹೇಳಬೇಕು. ದಿನಕ್ಕೆ ಐದಾರು ಸಲ, ಮಲಗುವ ಮುಂಚೆ ತಪ್ಪದೆ ಹೋಗಬೇಕು. ಜೋಳದ ರೊಟ್ಟಿ, ಪುಂಡಿಪಲ್ಯ, ಹಣ್ಣು ತಿಂದು, ಊಟವಾದ ಮೇಲೆ ಅವಸರವಿಲ್ಲದೆ ಸಂಡಾಸಿಗೆ ಕೂರುವ ರೂಢಿ ಬೇಕು. ಆದರೂ ಮಲ ಮೆತ್ತಗಾಗದಿದ್ದರೆ ಅದಕ್ಕೆ ವೈದ್ಯರ ಔಷಧಿ ಬೇಕಾಗುತ್ತದೆ.

ತಪ್ಪು ಕಲ್ಪನೆ: ನಡುರಾತ್ರಿ ಎಬ್ಬಿಸಿ ಕರೆದೊಯ್ದರೆ ಮಗು ಕಲಿಯುತ್ತದೆ.

ಸತ್ಯ: ಅರೆನಿದ್ದೆಯಲ್ಲಿ ಎತ್ತಿಕೊಂಡು ಹೋಗಿ ಹೊಯ್ಯಿಸಿದರೆ ಆ ರಾತ್ರಿಯ ಹಾಸಿಗೆ ಒಣಗಿರಬಹುದು, ಮಗು ಏನೂ ಕಲಿಯುವುದಿಲ್ಲ. ಮದುವೆ ಮನೆಯಲ್ಲೋ ಊರ ಜಾತ್ರೆಯಲ್ಲೋ ಒಂದು ರಾತ್ರಿಗೆ ಇದು ಸರಿ. ಮನೆಯಲ್ಲಿ ಕೌದಿಯ ಮೇಲೆ ರೆಕ್ಸಿನ್ ಹಾಳೆ, ಅದರ ಮೇಲೆ ತೆಳ್ಳನೆ ಹಳೆ ಸೀರೆ ಹಾಸಿ. ಹಳೆ ಬಟ್ಟೆಯ ಪದರ ಪದರವಾದ ಕೌದಿ ನೆನೆದರೆ ದಿನವಿಡೀ ಹೊರಗೆ ಒಣಹಾಕಬೇಕು, ಓಣಿಗೆಲ್ಲ ಗೊತ್ತಾಗುತ್ತದೆ. ಸೀರೆಯಾದರೆ ಉಳಿದ ಬಟ್ಟೆಯ ಜೊತೆ ತೊಳೆದು ಹಾಕಬಹುದು. ಬೆಳಿಗ್ಗೆ ಹೇಳಬೇಕಾದ್ದು ಇಷ್ಟೇ: "ನೀ ಬೇಕಂತ ಮಾಡಿಲ್ಲ, ನನಗ ಗೊತ್ತೈತಿ. ಬಾ, ಚಡ್ಡಿ ಬದಲಿ ಮಾಡ್ಕ." ಬಟ್ಟೆಯನ್ನು ಬಕೆಟ್ಟಿಗೆ ಹಾಕಲು ಮಗು ಕೈಜೋಡಿಸಲಿ, ಆದರೆ ಶಿಕ್ಷೆಯೆಂದಲ್ಲ. ಒಣಗಿದ ರಾತ್ರಿಗೆ ಬಹುಮಾನ ಬೇಡ, ಅದು ಮಗುವಿನ ಕೈಯಲ್ಲಿಲ್ಲ. ನೀರು ಕುಡಿದದ್ದಕ್ಕೆ, ಮಲಗುವ ಮುಂಚೆ ಹೋಗಿಬಂದದ್ದಕ್ಕೆ ಹೊಗಳಿ. ಅಣ್ಣ ಅಕ್ಕ ಅಣಕಿಸಿದರೆ ತಡೆಯಿರಿ.

ತಪ್ಪು ಕಲ್ಪನೆ: ಇದಕ್ಕೆ ತಾಯಿತವೇ ಗತಿ, ಡಾಕ್ಟರ ಹತ್ತಿರ ಏನೂ ಇಲ್ಲ.

ಸತ್ಯ: ಎರಡು ಪರಿಣಾಮಕಾರಿ ಚಿಕಿತ್ಸೆಗಳಿವೆ. ಚಡ್ಡಿಗೆ ಸಿಕ್ಕಿಸುವ ಅಲಾರಂ ಮೊದಲ ಹನಿಗೇ ಕೂಗುತ್ತದೆ. ಎರಡು ಮೂರು ತಿಂಗಳು ಬಿಡದೆ ಬಳಸಿದರೆ ಮೂವರಲ್ಲಿ ಇಬ್ಬರು ಮಕ್ಕಳಿಗೆ ಗುಣ ಕಾಣುತ್ತದೆ, ಆದರೆ ಮೊದಲ ವಾರಗಳಲ್ಲಿ ಮಗುವನ್ನು ಎಬ್ಬಿಸಲು ದೊಡ್ಡವರೂ ಏಳಬೇಕು. ಇನ್ನೊಂದು ಡೆಸ್ಮೋಪ್ರೆಸಿನ್ ಗುಳಿಗೆ, ರಾತ್ರಿಯ ಮೂತ್ರ ಕಡಿಮೆ ಮಾಡುತ್ತದೆ. ನುಂಗುವ ಒಂದು ಗಂಟೆ ಮುಂಚಿನಿಂದ ಮುಂದಿನ ಎಂಟು ಗಂಟೆ ನೀರು ಗುಟುಕಷ್ಟೇ. ಹೆಚ್ಚು ಕುಡಿದರೆ ರಕ್ತದ ಉಪ್ಪಿನಂಶ ಇಳಿದು ಫಿಟ್ಸ್ ಬರಬಹುದು. ವೈದ್ಯರು ಹೇಳದೆ ಕೊಡಬಾರದು.

ಆರು ತಿಂಗಳಿಗೂ ಹೆಚ್ಚು ಒಣಗಿದ್ದ ಮಗು ಮತ್ತೆ ಶುರುಮಾಡಿದರೆ, ಹಗಲೂ ಚಡ್ಡಿ ಒದ್ದೆಯಾದರೆ, ಉರಿಮೂತ್ರ, ಜ್ವರ ಅಥವಾ ರಾತ್ರಿ ಜೋರು ಗೊರಕೆ ಇದ್ದರೆ ಕಾಯದೆ ತೋರಿಸಿ. ವಿಪರೀತ ದಾಹದ ಜೊತೆ ಮಗು ಸೊರಗುತ್ತಿದ್ದರೆ ಅದು ಸಕ್ಕರೆ ಕಾಯಿಲೆ ಇರಬಹುದು, ಅದೇ ದಿನ ಪರೀಕ್ಷೆ ಆಗಬೇಕು. ಉಳಿದವರೂ ಒಮ್ಮೆ ದೇವದುರ್ಗ, ಮಾನ್ವಿಯ ತಾಲ್ಲೂಕು ಆಸ್ಪತ್ರೆಯಲ್ಲೋ ರಾಯಚೂರಿನ ರಿಮ್ಸ್‌ನಲ್ಲೋ ಮಕ್ಕಳ ವೈದ್ಯರನ್ನು ಕಾಣಬಹುದು. ಹೋಗುವಾಗ ಬರೆದಿಟ್ಟ ಹಾಳೆ ಜೊತೆಗಿರಲಿ. ಮಗುವಿಗೆ ಬೇಕಾದ್ದು ಅಲಾರಮ್ಮೋ, ಗುಳಿಗೆಯೋ, ಬರೀ ನೀರಿನ ಹೊತ್ತಿನ ಬದಲಾವಣೆಯೋ ಎಂದು ವೈದ್ಯರು ತೀರ್ಮಾನಿಸಲು ಅದು ದೊಡ್ಡ ನೆರವು.